ಗಿರಿಜೆಗೆ ಟೀ ಕೊಟ್ಟ ಸಂಚಿಕೆ

ಅರಸೀಕೆರೆಯಲ್ಲಿ ಕೇಬಲ್ ಓಂಕಾರಪ್ಪ ಅಂದರೆ ಗೊತ್ತಿಲ್ಲದವರಿಲ್ಲ. ಆದರೆ ಅವನನ್ನು ಹುಡುಕಿಕೊಂಡು ಬರುವವರು ಈಗ ಕೇಬಲ್ಲಿಗಾಗಿ ಬರುವುದಿಲ್ಲ. ಅವನಿಗೆ ಸಿಟ್ಟು ಬರುವುದೇ ಅಲ್ಲಿ.

ಏಳನೇ ಕ್ಲಾಸಿಗೆ ಸ್ಲೇಟು ಬಿಸಾಕಿ ಬಂದವನು, ಕಂಬ ಹತ್ತಿ ತಂತಿ ಎಳೆದು, ಬಿಸಿಲಿಗೆ ಬೆನ್ನು ಸುಟ್ಟುಕೊಂಡು, ಅರ್ಧ ಊರಿಗೆ ಚಿತ್ರ ಕಾಣಿಸಿದವನು. ಒಂದು ಕಾಲದಲ್ಲಿ ಅವನ ಸೈಕಲ್ಲು ಬೀದಿಗೆ ಬಂದರೆ ಹೆಂಗಸರು ಜಗಲಿಗೆ ಬಂದು, "ಓಂಕಾರಣ್ಣ, ನಮ್ಮನೆ ಟೀವೀಲಿ ಇರುವೆ ಓಡಾಡ್ತಾವೆ ನೋಡಣ್ಣ" ಎಂದು ಗೋಗರೆಯುತ್ತಿದ್ದರು. ಆಮೇಲೆ ಸೆಟ್‌ಟಾಪ್ ಪೆಟ್ಟಿಗೆ ಬಂತು, ಮಾಳಿಗೆ ಮೇಲೆ ಡಿಶ್ಶು ಬಂತು, ಕೊನೆಗೆ ಅಂಗೈಯಗಲ ಫೋನು ಬಂತು. ಗಿರಾಕಿಗಳು ಒಬ್ಬೊಬ್ಬರೇ ಜಾರಿದರು. ಜಾರಿದವರು ಸುಮ್ಮನೆ ಹೋದರೇ? ಇಲ್ಲ. ಕೇಬಲ್ ತೆಗೆಸಿದವರೇ ದಿನ ಬೆಳಗಾದರೆ ಅಂಗಡಿ ಮುಂದೆ ಫೋನು ಹಿಡಿದು ನಿಲ್ಲುತ್ತಿದ್ದರು.

"ಓಂಕಾರಣ್ಣ, ನಿನ್ನೆದು ತಪ್ಪೋಯ್ತು. ಬೀಗರು ಬಂದಿದ್ರು. ಎಲ್ಲಿ ಸಿಗುತ್ತೆ?"

"ಯಾವ ಚಾನೆಲ್ಲು?"

"ಅದೇ, ಅತ್ತೆ ಕೆಟ್ಟೋಳು ಇರ್ತಾಳಲ್ಲ."

"ಯಾವುದ್ರಲ್ಲಮ್ಮ ಅತ್ತೆ ಒಳ್ಳೇಳು ಇರೋದು? ಚಾನೆಲ್ ಹೇಳು, ಚಾನೆಲ್!"

ಇದು ದಿನದ ಜಪ. ಜೀ ಕನ್ನಡದ್ದಾದರೆ ಜೀ5ರಲ್ಲಿ ನೋಡು, ಉದಯದ್ದಾದರೆ ಸನ್ ನೆಕ್ಸ್ಟ್ ನೋಡು ಎಂದು ಅವನು ಸಾವಿರ ಸಲ ಕೂಗಿದ್ದ. ಕಲರ್ಸ್ ಕನ್ನಡದ್ದು ಮೊದಲು ವೂಟ್‌ನಲ್ಲಿತ್ತು, ಆಮೇಲೆ ಜಿಯೋಸಿನಿಮಾಕ್ಕೆ ಹೋಯಿತು, ಈಗ ಜಿಯೋಹಾಟ್‌ಸ್ಟಾರ್. ಸುವರ್ಣದ್ದೂ ಈಗ ಅದೇ ಮನೆ. ಜನ ಮಾತ್ರ ಇನ್ನೂ ವೂಟ್ ಹುಡುಕಿಕೊಂಡು ಬಂದು, "ಕಾಣಿಸ್ತಿಲ್ಲ, ನೀನೇ ಏನೋ ಮಾಡಿದೀಯ" ಅನ್ನುತ್ತಿದ್ದರು. ದುಡ್ಡು ಕಟ್ಟದೆ ಹೊಸ ಸಂಚಿಕೆ ಬೇಕು ಅನ್ನುವವರಿಗೆ, "ನಾಳೆ ಬೆಳಿಗ್ಗೆನೋ ಮಧ್ಯಾಹ್ನನೋ ಟೀವೀಲೇ ಮರುಪ್ರಸಾರ ಬರುತ್ತೆ, ಕೂತ್ಕೊಂಡ್ ನೋಡಿ" ಎಂದರೆ, "ಆಗ ನಾನ್ ಗಾರ್ಮೆಂಟ್ಸಲ್ಲಿರ್ತೀನಿ" ಎಂದು ಅವನ ಮೇಲೇ ಮುಖ ಊದಿಸುತ್ತಿದ್ದರು. ಅವನೇನು ಗಾರ್ಮೆಂಟ್ಸಿನ ಯಜಮಾನನೇ?

ಯೂಟ್ಯೂಬಿನವರ ಕಥೆ ಇನ್ನೊಂದು. "ಇಂದಿನ ಪೂರ್ತಿ ಸಂಚಿಕೆ" ಅಂತ ದಪ್ಪಕ್ಷರದಲ್ಲಿ ಹಾಕಿ, ನಾಯಕಿ ಅಳುವ ಪಟ ಅಂಟಿಸಿ, ಒಳಗೆ ಹೋದರೆ ಯಾರೋ ಒಬ್ಬ ಅಪರಿಚಿತ ಕೂತು ಕಥೆ ಓದುತ್ತಿರುತ್ತಾನೆ. ಅದನ್ನು ಪೂರ್ತಿ ಕೇಳಿ ಬಂದು, "ಓಂಕಾರಣ್ಣ, ಇದ್ರಲ್ಲಿ ಚಿತ್ರ ಬರಲ್ಲ, ರಿಪೇರಿ ಮಾಡು" ಎಂದವಳೂ ಇದ್ದಳು.

ಇಂಥ ಒಂದು ಬೆಳಿಗ್ಗೆ, ತಲೆ ಕಾದ ಕಬ್ಬಿಣವಾಗಿದ್ದ ಹೊತ್ತಿಗೆ, ಅಂಗಡಿ ಮೆಟ್ಟಿಲ ಬಳಿ ಅವನ ಅಕ್ಕ ಬಂದು ನಿಂತಳು.

ಸಿದ್ಗಂಗಕ್ಕ ಆ ಅಂಗಡಿಗೆ ಕಾಲಿಡದೆ ಹದಿನೈದು ವರ್ಷದ ಮೇಲಾಗಿತ್ತು. ಹಬ್ಬಕ್ಕೆ ಮನೆಗೆ ಬರುತ್ತಿದ್ದಳು, ಹೋಳಿಗೆ ತಿನ್ನುತ್ತಿದ್ದಳು, ತಮ್ಮನ ಹೆಂಡತಿ ವಿಶಾಲು ಜೊತೆ ನಗುತ್ತಿದ್ದಳು. ಆದರೆ ಅಂಗಡಿಗೆ ಬರುತ್ತಿರಲಿಲ್ಲ. ಊರಲ್ಲಿ ಮೊಟ್ಟಮೊದಲು ಡಿಶ್ ಹಾಕಿಸಿಕೊಂಡವರಲ್ಲಿ ಅವಳೂ ಒಬ್ಬಳು. ಕೇಬಲ್ ಓಂಕಾರಪ್ಪನ ಒಡಹುಟ್ಟಿದ ಅಕ್ಕನ ಮಾಳಿಗೆಯ ಮೇಲೆ ಬೋಗುಣಿಯಂಥ ಡಿಶ್ಶು! ಹೋಗುವವರು ಬರುವವರೆಲ್ಲ ತೋರಿಸಿ ನಕ್ಕಿದ್ದರು. ಅವನಿಗೆ ಆ ಬೀದಿಯಲ್ಲಿ ತಲೆಯೆತ್ತಿ ಓಡಾಡಲು ಆಗುತ್ತಿರಲಿಲ್ಲ. ಎತ್ತಿದರೆ ಅದೇ ಕಾಣುತ್ತಿತ್ತು.

ಕಾರಣವೂ ಟೀವಿಯೇ. ಅವಳ ಗಂಡ ಮುರಿಗೆಪ್ಪ ರೈಲ್ವೆ ಸ್ಟೇಷನ್ನಿನಲ್ಲಿ ಟೀ ಮಾರುತ್ತಿದ್ದವನು. ಹೆಗಲ ಮೇಲೆ ಕೆಂಪಂಚಿನ ಟವೆಲ್ಲು, ಕೈಯಲ್ಲಿ ಕೆಟಲ್ಲು, ಗಾಡಿ ಬರುವ ಮೊದಲೇ ಅವನ ಕೂಗು. ಒಮ್ಮೆ ಬೆಂಗಳೂರಿಂದ ಧಾರಾವಾಹಿಯವರು ಬಂದು ಅದೇ ಪ್ಲಾಟ್‌ಫಾರಂ ಮೇಲೆ ಶೂಟಿಂಗ್ ಮಾಡಿದರು. ಮನೆ ಬಿಟ್ಟು ಹೊರಟ ನಾಯಕಿ ಕಿಟಕಿ ಪಕ್ಕ ಅಳುತ್ತ ಕೂತಿರಬೇಕು, ಟೀ ಮಾರುವವನು ಒಂದು ಲೋಟ ಕೊಟ್ಟು ಒಂದು ಮಾತು ಹೇಳಬೇಕು. ಬಣ್ಣ ಹಚ್ಚಿಕೊಂಡು ಬಂದಿದ್ದ ನಟನಿಗೆ ಕೆಟಲ್ ಹಿಡಿಯಲೇ ಬರಲಿಲ್ಲ. ನಿರ್ದೇಶಕರು ಅವನನ್ನು ಪಕ್ಕಕ್ಕೆ ನಿಲ್ಲಿಸಿ, "ನೀವೇ ಬನ್ನಿ ಯಜಮಾನ್ರೇ" ಎಂದು ಮುರಿಗೆಪ್ಪನನ್ನು ಕರೆದರು.

ಅದು ಪ್ರಸಾರವಾಗುವ ಸಂಜೆ ಬೀದಿಗೆ ಬೀದಿಯೇ ಅವರ ಮನೆಯಲ್ಲಿ ಸೇರಿತ್ತು. ಮುರಿಗೆಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮುಂದೆ ಕೂತಿದ್ದ. ಆಗ ಬಂತು ಗಾಳಿಮಳೆ. ಸಂತೆ ಮೈದಾನದ ಹುಣಸೇಮರ ಕರೆಂಟು ತಂತಿ ಮೇಲೆ ಬಿತ್ತು. ಅರ್ಧ ಊರು ಕತ್ತಲಾಯಿತು. ಕರೆಂಟು ಬರುವಷ್ಟರಲ್ಲಿ ಮಾರನೇ ದಿನದ ಮರುಪ್ರಸಾರವೂ ಮುಗಿದುಹೋಗಿತ್ತು. ತಿಪಟೂರಿನ ನೆಂಟರು ಫೋನು ಮಾಡಿ, "ಮುರಿಗಣ್ಣ ಚೆನ್ನಾಗ್ ಕಾಣಿಸ್ದ" ಎಂದರು. ಅವನು ಮಾತ್ರ ನೋಡಲಿಲ್ಲ. ಎರಡು ವರ್ಷ ಕಳೆಯುವುದರೊಳಗೆ ಎದೆನೋವು ಬಂದು ಹೋದ.

ಮರ ಬಿದ್ದದ್ದಕ್ಕೆ ಓಂಕಾರಪ್ಪ ಏನು ಮಾಡಬೇಕಿತ್ತು? ಮರಕ್ಕೆ ಆತುಕೊಂಡು ನಿಲ್ಲಬೇಕಿತ್ತೇ? ಆದರೆ ಸಿದ್ಗಂಗಕ್ಕನ ಲೆಕ್ಕದಲ್ಲಿ ಟೀವಿಯಲ್ಲಿ ಚಿತ್ರ ಬರದಿದ್ದರೆ ಅದು ಕೇಬಲ್ಲಿನವನ ತಪ್ಪು. "ನಿನ್ ದರಿದ್ರ ಕೇಬಲ್ಲು ನನ್ ಗಂಡುನ್ ಮಖ ತೋರಿಸ್ಲಿಲ್ಲ" ಎಂದು ತೊಂಬತ್ತು ಜನರ ಮುಂದೆ ಅಂದಿದ್ದಳು. ಅವನು ಕೂಗಾಡಿದ್ದ, ಕರೆಂಟಿಗೂ ಕೇಬಲ್ಲಿಗೂ ಇರುವ ವ್ಯತ್ಯಾಸ ವಿವರಿಸಿದ್ದ, ಅವಳನ್ನು ಕರೆದುಕೊಂಡು ಹೋಗಿ ಮರದ ಬೊಡ್ಡೆಯನ್ನೂ ತೋರಿಸಿದ್ದ. ಏನೂ ಆಗಲಿಲ್ಲ. ಡಿಶ್ಶು ಮಾಳಿಗೆ ಏರಿತು.

ಈಗ ಅವಳೇ ಮೆಟ್ಟಿಲ ಮೇಲೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು.

"ಬಾ ಅಕ್ಕ, ಏನ್ ದಾರಿ ತಪ್ಪಿದ್ಯಾ?" ಎಂದ ಅವನು. ಮಾತು ಒರಟಾಗಿ ಬಂತು. ಸ್ಟೂಲನ್ನು ಮಾತ್ರ ಟವೆಲ್ಲಿನಿಂದ ಕೊಡವಿದ.

"ಹೂಂ, ತಪ್ಪಿದೀನಿ," ಎಂದು ಅವಳು ಕೂತಳು. ಸ್ವಲ್ಪ ಹೊತ್ತು ಗೋಡೆಯ ಮೇಲಿದ್ದ ಹಳೇ ತಂತಿ ಸುರುಳಿಗಳನ್ನು ನೋಡಿದಳು. "ಫೋನಲ್ಲಿ ಹಳೇ ಧಾರಾವಾಹಿ ಎಲ್ಲಾ ಸಿಗ್ತಾವಂತೆ. ಟೈಲರ್ ಜಬೀನಾ ಅಂದ್ಲು. ಹೌದೇನೋ?"

"ಕೆಲವು ಸಿಗ್ತಾವೆ. ಕೆಲವು ಇಲ್ಲ."

"ನಿಮ್ ಭಾವುಂದು ಹುಡುಕ್ ಕೊಡು."

ಓಂಕಾರಪ್ಪ ಕೈಯಲ್ಲಿದ್ದ ಟವೆಲ್ಲು ಕೆಳಗಿಟ್ಟ. ಅಕ್ಕನೇ ಮತ್ತೆ ಅಂದಳು, ಈ ಸಲ ದನಿ ತಗ್ಗಿಸಿ:

"ಮಖ ಪಟದಲ್ಲೈತೆ ಕಣೋ, ದಿನಾ ನೋಡ್ತೀನಿ. ದನಿ ಮರ್ತೋಗ್ತಾ ಐತೆ. ಆ ಕೂಗು ಕೂಗೋರಲ್ಲ, ಹಾಲ್ಟಿಂಗ್ ಗಾಡಿ ಬಂದಾಗ... ಮೊನ್ನೆ ಪಾತ್ರೆ ತೊಳೀತಾ ನೆನಪು ಮಾಡ್ಕಂಡೆ, ಬರ್ಲೇ ಇಲ್ಲ. ಬೇರೆ ಯಾರ್ದೋ ದನಿ ಬರ್ತದೆ. ಹೆದ್ರಿಕೆ ಆಯ್ತು ಕಣೋ."

ಆಗೆಲ್ಲ ಯಾರ ಕೈಯಲ್ಲಿ ರೆಕಾರ್ಡ್ ಮಾಡುವ ಫೋನಿತ್ತು? ಮುರಿಗೆಪ್ಪನ ದನಿ ಜಗತ್ತಿನಲ್ಲಿ ಎಲ್ಲಾದರೂ ಉಳಿದಿದ್ದರೆ ಅದು ಆ ಒಂದು ಸಂಚಿಕೆಯಲ್ಲಿ ಮಾತ್ರ.

"ಧಾರಾವಾಹಿ ಹೆಸರೇನು?" ಎಂದ ಓಂಕಾರಪ್ಪ.

"ಗಿರಿಜೆದು."

"ಗಿರಿಜೆ ಅದ್ರಲ್ಲಿರೋ ಹೆಂಗ್ಸು. ಧಾರಾವಾಹಿ ಹೆಸರು ಹೇಳಕ್ಕ!"

"ಗಿರಿಜೆ ಧಾರಾವಾಹಿ ಅಂತ್ಲೇ ಅನ್ನೋದು. ಏಳೂವರೆದು."

ಅವನಿಗೆ ತಲೆ ಗೋಡೆಗೆ ಚಚ್ಚಿಕೊಳ್ಳಬೇಕೆನಿಸಿತು. ಇದು ಇಡೀ ಊರಿನ ರೋಗ. ನೂರಾರು ಸಂಜೆ ಕಣ್ಣೀರು ಹಾಕಿಕೊಂಡು ನೋಡಿದ ಕಥೆಗೆ ಹೆಸರೇನು ಅಂದರೆ ಒಬ್ಬಳಿಗೂ ಗೊತ್ತಿರುವುದಿಲ್ಲ. ನಾಯಕಿಯ ಹೆಸರು ಗೊತ್ತು, ಅವಳ ಸೀರೆ ಬಣ್ಣ ಗೊತ್ತು, ಅವಳ ನಾದಿನಿಯ ಗಂಡನ ಸಾಲ ಗೊತ್ತು. ಅವನಾದರೂ ಏನು ಕಡಿಮೆ? ಮೂವತ್ತು ವರ್ಷ ಚಾನೆಲ್ ಹಂಚಿದವನಿಗೆ ಚಾನೆಲ್ಲುಗಳು ನಂಬರಿನಲ್ಲಿ ಮಾತ್ರ ಗೊತ್ತಿದ್ದವು. ಒಂದು ಧಾರಾವಾಹಿಯನ್ನೂ ಕೂತು ನೋಡಿದವನಲ್ಲ.

"ಭಾನುವಾರ ಮನೇಗ್ ಬಾ," ಎಂದ. ಸಿಟ್ಟಿನ ಭರದಲ್ಲಿ ಬಾಯಿ ತಪ್ಪಿ ಇನ್ನೊಂದೂ ಬಂತು: "ಹುಡುಕಿ ತೋರಿಸ್ದೆ ಹೋದ್ರೆ ಈ ಬೋರ್ಡು ಇಳಿಸ್ಬಿಡ್ತೀನಿ. ಕೇಬಲ್ ಓಂಕಾರಪ್ಪ ಅಂತ ಕರೀಬೇಡ."

"ಕರಿಯೋದ್ ಬಿಟ್ಟು ಬಾಳ ದಿನ ಆಯ್ತು," ಎಂದು ಅಕ್ಕ ಎದ್ದಳು.

ಅಂದಿನಿಂದ ಅವನಿಗೆ ಶುರುವಾಯಿತು ಪಾಡು. ಎಲ್ಲ ಆ್ಯಪಿನಲ್ಲೂ "ಗಿರಿಜೆ" ಎಂದು ಹುಡುಕಿದ. ಸಿಕ್ಕಿದ್ದು ಹೊಸ ಧಾರಾವಾಹಿಯ ಇನ್ನೊಬ್ಬ ಗಿರಿಜೆ, ಅವಳಿಗೆ ಇಪ್ಪತ್ತು ವರ್ಷ, ಅವಳು ಪೊಲೀಸು. ಹಳೆಯದು ಎಲ್ಲೂ ಇಲ್ಲ. ಆ ಕಾಲದ ಒಂದೆರಡು ಚಾನೆಲ್ಲೇ ಈಗಿರಲಿಲ್ಲ. ಅದರ ಮೇಲೆ, ಆ್ಯಪು ಹುಟ್ಟಿದ ಮೇಲಿನ ಧಾರಾವಾಹಿಗಳು ಆ್ಯಪಿನಲ್ಲಿ ಸಾಲಾಗಿ ಸಿಗುತ್ತವೆ, ಅದಕ್ಕೂ ಹಿಂದಿನವು ಅಪರೂಪ ಎಂಬುದು ಅವನಿಗೆ ಗೊತ್ತಿದ್ದದ್ದೇ. ಮೊಬೈಲಿನ ಜಿಯೋಟೀವಿಯಲ್ಲಿ ಕೆಲವು ಚಾನೆಲ್ಲು ಹಿಂದಕ್ಕೆ ಎಳೆದು ನೋಡಬಹುದು, ಅದೂ ವಾರದಷ್ಟು ಮಾತ್ರ. ಯಾವ ಗುಂಡಿ ಒತ್ತಿದರೆ ಹದಿನೈದು ವರ್ಷ ಹಿಂದಕ್ಕೆ ಹೋಗುತ್ತದೆ?

"ನೀವ್ ಎಗರಾಡ್ ಬ್ಯಾಡ್ರೀ," ಎಂದಳು ಹೆಂಡತಿ ವಿಶಾಲು, ಕೊತ್ತಂಬರಿ ಬಿಡಿಸುತ್ತಾ. "ಹಳೇವು ಮಾಡ್ದೋರೇ ಯೂಟ್ಯೂಬಿಗೆ ಹಾಕಿರ್ತಾರಂತಲ್ಲ. ನಿರ್ದೇಶಕ್ರು, ನಿರ್ಮಾಪಕ್ರು."

"ಹಾಕಿರ್ತಾರೆ ಕಣೇ. ಹೆಸರಿಲ್ದೆ ಯಾರ್ ಮನೆ ಬಾಗ್ಲು ತಟ್ಲಿ?"

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಸಿದ್ಗಂಗಕ್ಕ ಬಂದಳು. ಒಬ್ಬಳೇ ಬರಲಿಲ್ಲ. ಪಕ್ಕದ ಮನೆ ಟೈಲರ್ ಜಬೀನಾ, ಬಸ್‌ಸ್ಟ್ಯಾಂಡಿನಲ್ಲಿ ಹೂ ಮಾರುವ ಪದ್ದಕ್ಕ, ಇಬ್ಬರನ್ನೂ ಕರೆತಂದಿದ್ದಳು. ಪದ್ದಕ್ಕ ಮಲ್ಲಿಗೆ ಬುಟ್ಟಿ, ಬಾಳೇನಾರಿನ ಸಮೇತ ಬಂದು ಟೀವಿ ಎದುರು ಕಾಲು ಚಾಚಿ ಕೂತಳು. ಸಿನಿಮಾ ಟೆಂಟಿಗೆ ಬಂದ ಹಾಗೆ.

"ಹಾಕಣ್ಣ ಓಂಕಾರಣ್ಣ," ಎಂದಳು ಜಬೀನಾ.

"ಏನ್ ಹಾಕ್ಲಿ? ನನ್ ತಲೆ ಹಾಕ್ಲಾ? ಹೆಸರು ಹೇಳ್ರಮ್ಮ ಮೊದ್ಲು!"

ಮೂವರೂ ಮುಖ ಮುಖ ನೋಡಿಕೊಂಡರು. ದಿನ ತಪ್ಪದೆ ನೋಡಿದವರು ಮೂವರೂ.

"ಮಲ್ಲಿಗೆ ಏನೋ ಇತ್ತು," ಎಂದಳು ಪದ್ದಕ್ಕ, ನಾರು ಹಲ್ಲಿನಲ್ಲಿ ಕಚ್ಚಿಕೊಂಡು.

"ನಿಂಗೆ ಎಲ್ಲಾದ್ರಲ್ಲೂ ಮಲ್ಲಿಗೇನೇ. ದೀಪ ಏನೋ ಇತ್ತು," ಎಂದಳು ಜಬೀನಾ.

"ಹಾಡು ಬತ್ತಿತ್ತಲ್ಲ ಶುರುನಲ್ಲಿ," ಎಂದಳು ಸಿದ್ಗಂಗಕ್ಕ. ಎಂದವಳೇ ಸಣ್ಣಗೆ ಶುರುಮಾಡಿದಳು: "ಬಾಗಿಲು ತೆರೆದರೂ ಒಳಗೇ ನಿಂತವಳೇ..."

ಉಳಿದಿಬ್ಬರೂ ಸೇರಿಕೊಂಡರು. ಜಬೀನಾ ತಲೆ ತೂಗಿದಳು. ಪದ್ದಕ್ಕ ಹೂ ಕಟ್ಟುತ್ತಲೇ ಎರಡನೇ ಸಾಲು ಎತ್ತಿಕೊಂಡಳು. ಹಾಡು ಪೂರ್ತಿ ಬಂತು, ಒಂದಕ್ಷರ ತಪ್ಪಲಿಲ್ಲ. ಆದರೆ ಆ ಹಾಡಿನಲ್ಲಿ ಧಾರಾವಾಹಿಯ ಹೆಸರೇ ಇರಲಿಲ್ಲ!

"ಹಾಡು ಬರೆದೋನ್ ಸಿಕ್ರೆ..." ಎಂದು ಹಲ್ಲು ಕಡಿದ ಓಂಕಾರಪ್ಪ.

"ಅದೇ ಹಾಡು ಫೋನಿಗ್ ಹೇಳ್ರೀ," ಎಂದಳು ವಿಶಾಲು. "ಮೈಕಿನ್ ಗುರ್ತು ಐತಲ್ಲ, ಅದನ್ ಒತ್ತಿ. ಕನ್ನಡ ಕೇಳಿಸ್ಕಳ್ತದೆ."

ಓಂಕಾರಪ್ಪ ಫೋನಿಗೆ ಬಾಯಿ ಹಚ್ಚಿ ಗದರಿಸುವ ದನಿಯಲ್ಲಿ, "ಬಾಗಿಲು ತೆರೆದರೂ ಒಳಗೇ ನಿಂತವಳೇ!" ಎಂದ. ಫೋನು ಮರದ ಬಾಗಿಲು ಮಾರುವವರ ಅಂಗಡಿಗಳನ್ನು ತೋರಿಸಿತು.

ಹೆಂಗಸರು ಬಿದ್ದು ಬಿದ್ದು ನಕ್ಕರು. "ಜಗಳ ಆಡ್ದಂಗ್ ಹೇಳಿದ್ರೆ ಅದು ಹೆದರ್ಕಳ್ತದೆ ಕಣಣ್ಣ," ಎಂದಳು ಪದ್ದಕ್ಕ. "ಧಾರಾವಾಹಿ ಹಾಡು ಅಂತ ಸೇರಿಸು. ಮೆತ್ತಗೆ."

ಅವನಿಗೆ ಕಿವಿ ಕೆಂಪಾಯಿತು. ಕಣ್ಣುಮುಚ್ಚಿ, ಮದುವೆಯಲ್ಲಿ ಹಾಡಲು ಎಬ್ಬಿಸಿದ ಹುಡುಗನ ಹಾಗೆ, ಮೆತ್ತಗೆ, ಕಡೆಗೆ "ಧಾರಾವಾಹಿ ಹಾಡು" ಎಂದೂ ಸೇರಿಸಿ ಹೇಳಿದ. ಈ ಸಲ ಮೇಲೆಯೇ ಬಂತು ಗಿರಿಜೆಯ ಮುಖ, ಹಳೇ ಟೀವಿಯ ಮಾಸಲು ಬಣ್ಣದಲ್ಲಿ. ಕೆಳಗೆ ಬರೆದಿತ್ತು: ಮುಳ್ಳುಬೇಲಿಯ ಮಲ್ಲಿಗೆ, ಶೀರ್ಷಿಕೆ ಗೀತೆ.

"ನಾನ್ ಹೇಳ್ಲಿಲ್ವಾ ಮಲ್ಲಿಗೆ ಅಂತ!" ಎಂದು ಪದ್ದಕ್ಕ ಜಬೀನಾಳ ತೊಡೆಗೆ ಹೊಡೆದಳು.

ಹಾಕಿದವರು ಯಾರು ಎಂದು ನೋಡಿದರೆ ಧಾರಾವಾಹಿಯ ನಿರ್ದೇಶಕರದೇ ಚಾನೆಲ್ಲು. ಯೂಟ್ಯೂಬು ಬರುವ ತನ್ನ ಟೀವಿಯಲ್ಲಿ ಅದನ್ನು ತೆರೆದು ಒಳಗೆ ಹೋದ. ಸಾಲು ಸಾಲಾಗಿ ಎಲ್ಲ ಸಂಚಿಕೆ. ಕಂಬದ ತುದಿಯಲ್ಲಿ ನಿಂತು ಮೊದಲ ಸಲ ಚಿತ್ರ ಬಂದಾಗ ಆಗುತ್ತಿದ್ದ ಖುಷಿ ಅವನಿಗೆ ಬಹಳ ದಿನದ ಮೇಲೆ ಆಯಿತು. ಅದು ಹೆಚ್ಚು ಹೊತ್ತು ನಿಲ್ಲಲಿಲ್ಲ. ಸಂಚಿಕೆಗಳು ನಾನೂರು ಮೀರಿದ್ದವು. ಮೇಲೆ ನಂಬರು ಮಾತ್ರ ಇತ್ತು, ತಾರೀಖಿಲ್ಲ. ರೈಲ್ವೆ ಸ್ಟೇಷನ್ ಯಾವುದರಲ್ಲಿ?

"ಎಲ್ಲಾನೂ ನೋಡ್ಬಿಡಾಣ," ಎಂದಳು ಪದ್ದಕ್ಕ ಸಂತೋಷವಾಗಿ.

"ಮುಂದಿನ್ ಶಿವರಾತ್ರಿಗ್ ಮುಗೀತದೆ!" ಎಂದು ಗುಡುಗಿದ ಓಂಕಾರಪ್ಪ. "ಗಿರಿಜೆ ಮನೆ ಬಿಟ್ಟಿದ್ ಯಾವಾಗ, ಅದ್ ಹೇಳಿ."

ಆಗ ಹೆಂಗಸರ ನಿಜವಾದ ವಿದ್ಯೆ ಹೊರಗೆ ಬಂತು. ಹೆಸರು ಗೊತ್ತಿಲ್ಲದವರಿಗೆ ಕಥೆಯ ಎಳೆ ಎಳೆಯೂ ಗೊತ್ತಿತ್ತು. ಅವನು ನಡುವಿನದೊಂದು ಸಂಚಿಕೆ ಹಾಕಿದ. ಮಾತು ಶುರುವಾಗುವ ಮೊದಲೇ ಜಬೀನಾ ಅಂದಳು, "ಅತ್ತೆ ಕೈಗೆ ಬ್ಯಾಂಡೇಜು. ಇನ್ನೂ ಮೆಟ್ಲಿಂದ ಬಿದ್ದಿರೋ ಟೈಮು. ಮುಂದಕ್ ಹೋಗು." ಮುಂದಕ್ಕೆ ಹೋದ. "ಅಯ್ಯೋ, ಮಗೂಗೆ ಹೆಸರಿಟ್ಬಿಟ್ಟವ್ರೆ, ಹಿಂದಕ್ ಬಾ," ಎಂದಳು ಸಿದ್ಗಂಗಕ್ಕ.

"ಹೆಸರಿಡೋಕ್ ಮುಂಚೆ ಮನೆ ಬಿಟ್ಲಾ, ಆಮೇಲ್ ಬಿಟ್ಲಾ?" ಎಂದು ಪದ್ದಕ್ಕ ಕೇಳಿದ್ದೇ ತಡ, ದೊಡ್ಡ ಜಗಳ.

"ಮುಂಚೆ! ಬಸುರಿ ಹೆಂಗ್ಸು ಒಬ್ಳೇ ರೈಲು ಹತ್ತಿದ್ಲು ಅಂತ ನಮ್ಮತ್ತೆ ಅತ್ತಿದ್ರು."

"ಬಸುರಿ ಆಗಿದ್ದು ಮೈದುನನ್ ಹೆಂಡ್ತಿ. ಗಿರಿಜೆ ಅಲ್ಲ."

"ಮೈದುನನ್ ಹೆಂಡ್ತಿಗೆ ಮಕ್ಳೇ ಆಗ್ಲಿಲ್ವಲ್ಲೇ!"

ಓಂಕಾರಪ್ಪ ರಿಮೋಟು ಒತ್ತುತ್ತ ಹೋದ. ಪ್ರತಿ ಸಂಚಿಕೆಯೂ "ಹಿಂದಿನ ಸಂಚಿಕೆಯಲ್ಲಿ" ಎಂದು ಹಳೆಯದನ್ನೇ ತೋರಿಸುತ್ತ ಶುರುವಾಗುತ್ತಿತ್ತು. "ಅದನ್ ಓಡಿಸಣ್ಣ, ನೋಡಿದ್ದೇ ನೋಡೋದಾ," ಎಂದು ಜಬೀನಾ ಪ್ರತಿ ಸಲ ಅನ್ನುವಳು, ಅವನು ಪ್ರತಿ ಸಲ ಓಡಿಸುವನು. ಮುಂದೆ, ಹಿಂದೆ, ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ. ಬಾವಿಯಲ್ಲಿ ಬಿದ್ದ ಕೊಡಕ್ಕೆ ಪಾತಾಳಗರಡಿ ಆಡಿಸಿದ ಹಾಗೆ. ಮಲ್ಲಿಗೆ ಮಾಲೆ ಮೊಳಗಟ್ಟಲೆ ಬೆಳೆಯುತ್ತಿತ್ತು. ವಿಶಾಲು ಎರಡನೇ ಸಲ ಟೀಗೆ ಇಟ್ಟಳು.

ಕೊನೆಗೊಂದರಲ್ಲಿ ಗಿರಿಜೆ ತಾಳಿ ಕಣ್ಣಿಗೊತ್ತಿಕೊಂಡು ಚೀಲ ಹಿಡಿದಳು. ಹೊಸಿಲು ದಾಟಿದಳು. ಸಂಚಿಕೆ ಮುಗಿಯಿತು.

"ಇದೇ! ಇದೇ!" ಎಂದು ಮೂವರೂ ಕೂಗಿದರು. "ನಾಳೆದೇ ಸ್ಟೇಷನ್ನು!"

ಸಿದ್ಗಂಗಕ್ಕ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು, ಗಂಡ ಈಗಲೇ ಒಳಗೆ ಬರುತ್ತಾನೋ ಎಂಬ ಹಾಗೆ. ಪದ್ದಕ್ಕನ ಬೆರಳು ನಿಂತವು. ಓಂಕಾರಪ್ಪ ಮುಂದಿನದನ್ನು ಒತ್ತಿದ.

ಗಿರಿಜೆ ಬೆಂಗಳೂರಿನ ಹಾಸ್ಟೆಲ್ಲಿನಲ್ಲಿ ಬಟ್ಟೆ ಒಣಗಿಸುತ್ತಿದ್ದಳು.

"ಇದೇನು, ರೈಲೇ ಹತ್ಲಿಲ್ಲ?" ಎಂದಳು ಅಕ್ಕ.

ಓಂಕಾರಪ್ಪ ಹಿಂದಕ್ಕೆ ಬಂದು ನಂಬರು ನೋಡಿದ. ಇನ್ನೂರ ಹನ್ನೊಂದು. ಅದರ ಮುಂದಿನದು ಇನ್ನೂರ ಹದಿಮೂರು. ಮತ್ತೆ ನೋಡಿದ. ಕಣ್ಣುಜ್ಜಿಕೊಂಡು ನೋಡಿದ. ನಾನೂರು ಚಿಲ್ಲರೆ ಸಂಚಿಕೆಯಲ್ಲಿ ಒಂದೇ ಒಂದು ಇರಲಿಲ್ಲ, ಅದು ಇದು.

ಅವನು ಎದ್ದು ನಿಂತ. ಬೈದ ಬೈಗುಳ ಬರೆಯುವಂಥದ್ದಲ್ಲ. ಹಾಕಿದವನಿಗೆ ಬೈದ, ಹಾಕದೆ ಬಿಟ್ಟವನಿಗೆ ಬೈದ, ಹುಣಸೇಮರಕ್ಕೂ ಹೊಸದಾಗಿ ಬೈದ. "ನನ್ ಹಣೇಲೇ ಬರ್ದಿಲ್ಲ! ಆವತ್ ಮರ ಬಿತ್ತು, ಇವತ್ ಇದ್ ಬಿತ್ತು! ನಾಳೆ ಬೋರ್ಡು ಇಳಿಸ್ತೀನಿ, ಕಂಬಕ್ ನೇಣ್ ಹಾಕ್ಕಂತೀನಿ!"

"ಕೂತ್ಕಳೋ," ಎಂದಳು ಅಕ್ಕ. ಬಯ್ಯುವ ದನಿಯಲ್ಲ ಅದು. ಅದೇ ಅವನಿಗೆ ಹೆಚ್ಚು ಚುಚ್ಚಿತು. "ಬಿಡು. ನೀನ್ ಏನ್ ಮಾಡ್ತೀಯ. ನಮ್ಗ್ ಪಡ್ಕಂಡ್ ಬಂದಿಲ್ಲ." ಹದಿನೈದು ವರ್ಷ ಕೇಳಬೇಕು ಎಂದು ಕಾದಿದ್ದ ಮಾತು ಅದು, ತಪ್ಪು ಅವನದಲ್ಲ ಅನ್ನುವ ಮಾತು. ಇಂಥ ಹೊತ್ತಿನಲ್ಲಿ ಅದು ಬಂದರೆ ಅದನ್ನು ಇಟ್ಟುಕೊಂಡು ಏನು ಮಾಡುವುದು?

ಅವಳು ಚಪ್ಪಲಿ ಹುಡುಕುತ್ತಿದ್ದಳು. ಟೀ ಲೋಟಗಳ ತಟ್ಟೆ ಹಿಡಿದು ಬಂದ ವಿಶಾಲು ಬಾಗಿಲಲ್ಲೇ ನಿಂತು, "ಅಲ್ರೀ," ಎಂದಳು, "ಆ ಹದಿಮೂರನೇದು ಶುರುನಿಂದ ಹಾಕಿದ್ರಾ?"

"ಶುರುನಲ್ಲಿ ಏನ್ ಇರುತ್ತೆ, ಹಿಂದಿನ ಸಂಚಿಕೆ..."

ಮಾತು ಅಲ್ಲಿಗೇ ನಿಂತಿತು. ಮಧ್ಯಾಹ್ನದಿಂದ, ಅಲ್ಲ, ಜೀವಮಾನವಿಡೀ ಓಡಿಸಿಕೊಂಡು ಬಂದದ್ದು ಅದೇ. ಹದಿಮೂರರ ಹಿಂದಿನ ಸಂಚಿಕೆ ಹನ್ನೆರಡಲ್ಲದೆ ಇನ್ಯಾವುದು? ಎಲ್ಲರೂ ಜಬೀನಾಳನ್ನು ನೋಡಿದರು. "ನಂಗೇನ್ ಗೊತ್ತು, ಇವರೇ ಓಡಿಸಿದ್ದು," ಎಂದಳು ಅವಳು ದುಪ್ಪಟ್ಟ ಬಾಯಿಗೆ ಒತ್ತಿಕೊಂಡು.

ಓಂಕಾರಪ್ಪ ರಿಮೋಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹದಿಮೂರನ್ನು ಮೊದಲಿನಿಂದ ಬಿಟ್ಟ.

"ಹಿಂದಿನ ಸಂಚಿಕೆಯಲ್ಲಿ..."

ಅರಸೀಕೆರೆ ಸ್ಟೇಷನ್ನು. ಹಳೇ ಕಲ್ಲುಬೆಂಚು, ಹಳದಿ ಬೋರ್ಡು. ಕಿಟಕಿಯಲ್ಲಿ ಗಿರಿಜೆಯ ಒದ್ದೆ ಕಣ್ಣು. ಕಿಟಕಿಯ ಹೊರಗೆ ಕೆಂಪಂಚಿನ ಟವೆಲ್ಲು ಹೆಗಲ ಮೇಲೆ ಹಾಕಿಕೊಂಡ ಮುರಿಗೆಪ್ಪ. ಕೆಟಲ್ಲನ್ನು ಮಾರುದ್ದ ಎತ್ತರಿಸಿ, ಒಂದು ಹನಿ ಚೆಲ್ಲದೆ, ಲೋಟಕ್ಕೆ ಟೀ ಇಳಿಸಿದ. ಲೋಟದ ಅಂಚನ್ನು ಟವೆಲ್ಲಿನಿಂದ ಒರೆಸಿ ಮುಂದೆ ಚಾಚಿದ. ಬಾಯಿ ತೆರೆದ.

"ಚಹಾ ಕುಡಿಯಿರಿ ತಾಯಿ. ರೈಲು ಹೊರಡಲು ಇನ್ನೂ ಸಮಯವಿದೆ."

ಗಂಭೀರವಾದ, ರೇಡಿಯೋದಲ್ಲಿ ವಾರ್ತೆ ಓದುವಂಥ ದನಿ. ಮರುಗಳಿಗೆಗೆ ಚಿತ್ರ ಬದಲಾಯಿತು, ಹಾಸ್ಟೆಲ್ಲು ಬಂತು.

ಓಂಕಾರಪ್ಪನಿಗೆ ಮೊದಲು ಅರ್ಥವಾಯಿತು. ಚಿತ್ರ ಮುರಿಗೆಪ್ಪನದು, ದನಿ ಅವನದಲ್ಲ. ಬೆಂಗಳೂರಿನಲ್ಲಿ ಕೂತು ಯಾವನೋ ಡಬ್ಬಿಂಗ್ ಮಾಡಿದ್ದ. ಸ್ಟೇಷನ್ನಿನ ಗಲಾಟೆಯಲ್ಲಿ ಹಿಡಿದ ದನಿಯನ್ನು ಯಾರು ಇಟ್ಟುಕೊಳ್ಳುತ್ತಾರೆ? ಹಾಗಾದರೆ ಭಾವನ ದನಿ ಎಲ್ಲೂ ಇಲ್ಲ. ಯಾವ ಆ್ಯಪಿನಲ್ಲೂ, ಯಾವ ಚಾನೆಲ್ಲಿನಲ್ಲೂ ಇಲ್ಲ, ಯಾವತ್ತೂ ಇರಲಿಲ್ಲ.

ಅವನು ಅಕ್ಕನ ಕಡೆ ನೋಡಲು ಹೆದರಿದ.

"ಚಹಾ ಅಂತೆ," ಎಂದಳು ಸಿದ್ಗಂಗಕ್ಕ.

ಮುಖ ಸಿಟ್ಟಿನಿಂದ ಕೆಂಪಾಗಿತ್ತು. "ಯಾವನ್ಲಾ ಅವನು? ಚಹಾ ಕುಡಿಯಿರಿ ಅಂತೆ! ಹುಟ್ಟಿದಾಗಿಂದ ಚಹಾ ಅಂದೋರಾ ಅವರು? ಸಮಯ ಇದೆ ಅಂತೆ! ಪುರಾಣ ಓದ್ದಂಗೆ! ಅವರ್ದು ಹಿಂಗಾ ದನಿ? ಮೂಗಲ್ಲಿ ಶುರುವಾಗಿ ಗಂಟ್ಲಲ್ಲಿ ಒಡೀತಿತ್ತು ಕಣೋ. ಕಡೇ ಅಕ್ಷರ ಎಳೆಯೋರು, ಗಾರ್ಡು ಸೀಟಿ ಊದ್ದಂಗೆ..."

ಗಕ್ಕನೆ ನಿಂತಳು. ಕೈ ಎದೆಯ ಮೇಲಿತ್ತು.

"ಇನ್ನೊಂದ್ ಸಲ ಹಾಕೋ," ಎಂದಳು. "ದನಿ ತೆಗೆದ್ ಹಾಕು."

"ಏನು?"

"ಶಬ್ದ ಬರೋದ್ ಬ್ಯಾಡ ಅಂದೆ. ಆ ಪುರಾಣದೋನ್ ಬಾಯಿ ಮುಚ್ಸು."

ಅವನು ಶಬ್ದ ನಿಲ್ಲಿಸಿ ಮತ್ತೆ ಬಿಟ್ಟ. ಸ್ಟೇಷನ್ನು ಬಂತು, ಕಿಟಕಿ ಬಂತು, ಕೆಟಲ್ಲು ಮೇಲೇರಿ ಟೀ ಇಳಿಯಿತು. ಮುರಿಗೆಪ್ಪನ ಬಾಯಿ ತೆರೆದುಕೊಳ್ಳುವುದಕ್ಕೂ ಸಿದ್ಗಂಗಕ್ಕ ಹೊಟ್ಟೆಯಿಂದ ದನಿ ಎತ್ತುವುದಕ್ಕೂ ಸರಿಹೋಯಿತು.

"ಟೀ ಕುಡಿಯವ್ವೋ! ಗಾಡಿ ಎಲ್ಲೂ ಓಡೋಗಕಿಲ್ಲ, ಬಿಸಿ ಐತೆ, ಟೀಯೇಏಏ..."

ಮೂಗಲ್ಲಿ ಶುರುವಾಗಿ ಗಂಟಲಲ್ಲಿ ಒಡೆದ ಆ ಕೂಗು ಹಜಾರ ದಾಟಿ ಬೀದಿಗೆ ಹೋಯಿತು. ಎದುರು ಮನೆಯವರು ಯಾರೋ ಕಿಟಕಿ ತೆಗೆದರು. ಪದ್ದಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಜಬೀನಾ ನಗುತ್ತಲೂ ಇದ್ದಳು, ಅಳುತ್ತಲೂ ಇದ್ದಳು. ಅದು ಅಕ್ಕನ ಬಾಯಿ, ಆದರೆ ದನಿ ಭಾವನದು. ಹಾಲ್ಟಿಂಗ್ ಗಾಡಿಯ ಹೊತ್ತಿಗೆ ಪ್ಲಾಟ್‌ಫಾರಮ್ಮಿನ ಆ ತುದಿಯಿಂದ ಈ ತುದಿಗೆ ಬರುತ್ತಿದ್ದ ಅದೇ ದನಿ.

"ಬಂತು ನೋಡು," ಎಂದಳು ಅಕ್ಕ ಏದುಸಿರು ಬಿಡುತ್ತಾ. "ತಪ್ಪು ದನಿ ಕೇಳ್ದ್ ಮೇಲೆ ಸರಿದು ಬಂತು. ಇನ್ನೊಂದ್ ಸಲ ಹಾಕು."

ಅವನು ಹಾಕಿದ. ಅವಳು ಕೂಗಿದಳು. ಮತ್ತೆ ಹಾಕಿದ. ಟೀ ಆರಿಹೋಯಿತು. ಯಾರೂ ಮುಟ್ಟಲಿಲ್ಲ.

ಹೊರಡುವಾಗ ಅಕ್ಕ ಚಪ್ಪಲಿ ಮೆಟ್ಟಿಕೊಂಡು, ತಿರುಗಿ ನೋಡದೆ ಅಂದಳು: "ನಾಳೆ ಬಂದು ಆ ಡಿಶ್ಶು ಬಿಚ್ಚಾಕು. ನಿನ್ ಕೇಬಲ್ಲೇ ಕೊಡು."

"ಈಗ ಯಾರಕ್ಕಾ ಕೇಬಲ್ ಹಾಕಿಸ್ಕಳೋರು?" ಎಂದು ಓಂಕಾರಪ್ಪನಿಗೆ ಸಿಟ್ಟೇ ಬಂತು. "ಯೂಟ್ಯೂಬು ಬರೋ ಟೀವಿ ತಗಳೋದ್ ಬಿಟ್ಟು! ಕೇಬಲ್ಲಲ್ಲಿ ಭಾವ ಸಿಗ್ತಾನಾ?"

"ಕೇಬಲ್ ಓಂಕಾರಪ್ಪ ಅಂತ ಕರೀಬೇಕಾ, ಬ್ಯಾಡ್ವಾ?" ಎಂದಳು ಅಕ್ಕ.

ಅವನು ಏಣಿ ಎಲ್ಲಿಟ್ಟಿದ್ದೆ ಎಂದು ಹಿತ್ತಲಿಗೆ ಹುಡುಕಲು ಹೋದ.